ಪಟ್ಟದ ರಾಣಿ

ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ಕುವೆಂಪುನಗರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇಂದಿರಮ್ಮ ತೆರೆದ ಟ್ರಂಕಿನ ಮುಂದೆ ಕುಸಿದು ಕೂತಿದ್ದರು. ನಾಳೆ ಪಾಡ್ಯ, ಗೊಂಬೆ ಕೂರಿಸಬೇಕು. ಪಟ್ಟದ ರಾಜ ಇದ್ದಾನೆ, ರಾಣಿ ಇಲ್ಲ. 1948ರಲ್ಲಿ ಅವರ ಅತ್ತೆ ಮದುವೆಯಾಗಿ ಬಂದಾಗ ತವರಿನಿಂದ ಕೊಟ್ಟಿದ್ದ ರಕ್ತಚಂದನದ ಜೋಡಿ ಅದು.

ಸುದ್ದಿ ಹತ್ತು ಗಂಟೆಯೊಳಗೆ ಗೇಟು ಮುಟ್ಟಿತು. ನಿನ್ನೆ ಸಂಜೆ ಮನೆಗೆಲಸದ ಮಂಜುಳ ದಪ್ಪ ಚೀಲ ಹಿಡಿದು ಹೋಗಿದ್ದು ಸಿಸಿಟಿವಿಯಲ್ಲಿ ಕಂಡಿತಂತೆ. ವಾಚ್‌ಮನ್ ಅವಳನ್ನು ಒಳಗೆ ಬಿಡಲಿಲ್ಲ. ಆರು ವರ್ಷ ಅದೇ ಮನೆಯಲ್ಲಿ ದುಡಿದ ಹೆಣ್ಣುಮಗಳು ಬಿಸಿಲಲ್ಲಿ ನಿಂತಿದ್ದಳು.

ಎದುರುಮನೆಯ ವಿಶಾಲಾಕ್ಷಿ ಮೇಡಂಗೆ ಅದನ್ನು ನೋಡಲಾಗಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ತರಗತಿಯಲ್ಲಿ ಪೆನ್ನು ಕಳೆದಾಗಲೆಲ್ಲ ಬಡವರ ಮಗುವಿನ ಚೀಲವನ್ನೇ ಮೊದಲು ತಡಕುವುದನ್ನು ಕಂಡು ನೊಂದವರು.

"ಇಂದಿರಾ, ಟ್ರಂಕನ್ನ ನಾನೊಂದು ಸಲ ನೋಡ್ಲಾ?"

ರಾಣಿಯ ರೇಷ್ಮೆ ಸೀರೆ ಮಡಿಸಿಟ್ಟಹಾಗೇ ಇತ್ತು. ಪಕ್ಕದಲ್ಲೇ ಮುತ್ತಿನ ಸರ, ಪುಟ್ಟ ಡಾಬು.

"ಕದಿಯೋರು ಒಡವೆ ಬಿಟ್ಟು ಮರ ಒಯ್ತಾರೇನೆ?"

ಮೇಡಂ ಬಚ್ಚಲಿನ ಕಸದಬುಟ್ಟಿ ಬಗ್ಗಿ ನೋಡಿದರು. ತಳದಲ್ಲಿ ಕೆಂಪಾದ ಹತ್ತಿಯುಂಡೆಗಳು.

"ರಕ್ತಾನಾ?" ಇಂದಿರಮ್ಮ ಗಾಬರಿಯಾದರು.

ಮೇಡಂ ಎರಡು ಬಟ್ಟಲು ಕೇಳಿದರು. ಒಂದರಲ್ಲಿ ನೀರು, ಇನ್ನೊಂದರಲ್ಲಿ ಇಂದಿರಮ್ಮನ ಇನ್ಸುಲಿನ್ ಡಬ್ಬಿಯ ಪಕ್ಕದಲ್ಲಿದ್ದ ಸ್ಪಿರಿಟ್. ನೀರಿಗೆ ಹಾಕಿದ ಹತ್ತಿ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸ್ಪಿರಿಟ್ಟಿಗೆ ಬಿದ್ದದ್ದು ಕ್ಷಣದಲ್ಲಿ ಕೆಂಪು ಬಿಟ್ಟಿತು. ರಕ್ತಚಂದನದ ಬಣ್ಣದ ಗುಣವೇ ಅದು: ನೀರಿಗೆ ಅಷ್ಟಾಗಿ ಕರಗದು, ಆಲ್ಕೋಹಾಲಿಗೆ ಕರಗುತ್ತದೆ.

"ನಿನಗೆ ದಿನಾ ಇಂಜೆಕ್ಷನ್ ಕೊಡೋರು ಯಾರು?"

ಬಾಗಿಲಲ್ಲಿ ನಿಂತಿದ್ದ ಮಗ ಪ್ರಸನ್ನ ತಲೆ ತಗ್ಗಿಸಿದ.

"ಗೊಂಬೆಗೆ ಬೂಷ್ಟು ಹಿಡಿದಿತ್ತು ಮೇಡಂ. ಅಮ್ಮ ನೋಡೋದ್ರೊಳಗೆ ಒರೆಸೋಣ ಅಂತ... ಕಣ್ಣು, ಹುಬ್ಬು ಎಲ್ಲಾ ಅಳಿಸಿಹೋಯ್ತು. ಮಂಡಿ ಮೊಹಲ್ಲಾದಲ್ಲಿ ಮರದ ಕುಸುರಿ ಕೆಲಸದವರ ಹತ್ರ ಕೊಟ್ಟಿದೀನಿ. ಸಂಜೆಗೆ ಕೊಡ್ತಾರೆ."

"ಗೊಂಬೆಗೆ ಕಣ್ಣು ಮತ್ತೆ ಬರೀಬಹುದಪ್ಪ. ಮಂಜುಳ ಗೇಟಲ್ಲಿ ನಿಂತಿರೋದು ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲ ನೀನು?"

ಪ್ರಸನ್ನ ಉತ್ತರ ಕೊಡಲಿಲ್ಲ. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ. ಗೇಟಿನಲ್ಲಿ, ಎಲ್ಲರೆದುರಿಗೇ ಅವನು ಕೈಮುಗಿದದ್ದನ್ನು ಮೇಡಂ ಬಾಲ್ಕನಿಯಿಂದ ನೋಡಿದರು. ದಪ್ಪ ಚೀಲದಲ್ಲಿ ಇದ್ದದ್ದು ಇಂದಿರಮ್ಮನೇ ಮಂಜುಳನ ಮಗಳಿಗೆ ಕೊಟ್ಟಿದ್ದ ಹಳೇ ಲಂಗಗಳು. ಗಾಬರಿಯಲ್ಲಿ ಅವರಿಗೇ ಮರೆತಿತ್ತು.

ಮಾರನೇ ದಿನ ರಾಣಿಗೆ ಸೀರೆ ಉಡಿಸುವಾಗ ಇಂದಿರಮ್ಮ ಡಾಬನ್ನು ಮಂಜುಳನ ಕೈಗಿಟ್ಟರು.

"ನೀನೇ ಕಟ್ಟಮ್ಮ."

ಮಂಜುಳ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು.