ಶಿರಸಿಯ ಅಡಿಕೆ ವ್ಯಾಪಾರದ ಎರಡು ವರ್ಷ: ಅನುಪಾತ ವಿಶ್ಲೇಷಣಾ ವರದಿ

ಪಾಲುದಾರರಿಬ್ಬರಿಗೂ ನಮಸ್ಕಾರ.

ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಸಾಲದ, ಮಿತಿಯನ್ನು 60 ಲಕ್ಷದಿಂದ 80 ಲಕ್ಷಕ್ಕೆ ಏರಿಸಲು ಬ್ಯಾಂಕಿಗೆ ಅರ್ಜಿ ಹಾಕೋಣವೇ ಎಂದು ಕೇಳಿದ್ದಿರಿ. 2022-23 ಮತ್ತು 2023-24ರ ಲಾಭ-ನಷ್ಟ ಖಾತೆ, ಆಸ್ತಿ-ಹೊಣೆ ಪಟ್ಟಿ ಎರಡನ್ನೂ ನೋಡಿದೆ. ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣ ಕೆಳಗಿದೆ.

ಮೊತ್ತಗಳೆಲ್ಲ ಲಕ್ಷ ರೂಪಾಯಿಗಳಲ್ಲಿ. ಲಾಭ ಆದಾಯ ತೆರಿಗೆಗೆ ಮೊದಲಿನದು.

| ವಿವರ | 2022-23 | 2023-24 |
|---|---|---|
| ಮಾರಾಟ | 400.0 | 480.0 |
| ಮಾರಿದ ಮಾಲಿನ ಅಸಲು | 364.0 | 441.6 |
| ಖರ್ಚು (ಸವಕಳಿ ಸೇರಿ) | 19.0 | 22.2 |
| ಬಡ್ಡಿ | 5.0 | 7.2 |
| ನಿವ್ವಳ ಲಾಭ | 12.0 | 9.0 |
| ದಾಸ್ತಾನು | 42 | 71 |
| ಬರಬೇಕಾದ ಬಾಕಿ | 38 | 54 |
| ನಗದು, ಬ್ಯಾಂಕ್ | 10 | 3 |
| ಸ್ಥಿರ ಆಸ್ತಿ | 40 | 48 |
| ಸಿಸಿ ಸಾಲ | 30 | 57 |
| ಬೆಳೆಗಾರರಿಗೆ ಕೊಡಬೇಕಾದ್ದು | 15 | 27 |
| ಅವಧಿ ಸಾಲ | 20 | 24 |
| ಪಾಲುದಾರರ ಬಂಡವಾಳ | 65 | 68 |

ಕೈಯಲ್ಲಿ ಹಣ ಆಡುತ್ತಿದೆಯೇ?

ದಾಸ್ತಾನು, ಬಾಕಿ, ನಗದು ಸೇರಿಸಿ ಸಿಸಿ ಮತ್ತು ಬೆಳೆಗಾರರಿಗೆ ಕೊಡಬೇಕಾದ್ದರಿಂದ ಭಾಗಿಸಿದರೆ ಬರುವ ಚಾಲ್ತಿ ಅನುಪಾತ 2.00 ಇದ್ದದ್ದು 1.52ಕ್ಕೆ ಬಂದಿದೆ. ಇಷ್ಟನ್ನೇ ನೋಡಿದರೆ ಗಾಬರಿ ಬೇಡ. ಮಾರ್ಚ್ ಅಂದರೆ ನಮ್ಮಲ್ಲಿ ಚಾಲಿ ಅಡಿಕೆ ಬರುವ ಕಾಲ, ಗೋದಾಮು ತುಂಬಿರುತ್ತದೆ, ಸಿಸಿಯೂ ಏರಿರುತ್ತದೆ. ಆದರೆ ಹೋದ ವರ್ಷದ ಲೆಕ್ಕವೂ ಮಾರ್ಚ್ 31ರದ್ದೇ ಅಲ್ವಾ? ಹಾಗಾಗಿ ಸೀಸನ್ ಒಂದನ್ನೇ ದೂರಿದರೆ ಆಗದು.

ದಾಸ್ತಾನು ಬಿಟ್ಟು ಲೆಕ್ಕ ಹಾಕುವ ಕ್ವಿಕ್ ರೇಶಿಯೊ 1.07ರಿಂದ 0.68ಕ್ಕೆ ಇಳಿದಿದೆ. ಯೋಚನೆ ಮಾಡಬೇಕಾದ್ದು ಇದರ ಬಗ್ಗೆ. ಬರಬೇಕಾದ 54 ಲಕ್ಷದಲ್ಲಿ 14 ಲಕ್ಷ ಉತ್ತರ ಭಾರತದ ಒಬ್ಬರೇ ಖರೀದಿದಾರರದ್ದು, 90 ದಿನ ದಾಟಿದೆ. ಅದನ್ನು ಬಿಟ್ಟರೆ ಅನುಪಾತ 0.51. ದಾಸ್ತಾನಿನ 71 ಲಕ್ಷದಲ್ಲೂ 19 ಲಕ್ಷ ಹಳೆ ಚಾಲಿ. ದರ ಏರಲಿ ಅಂತ ಇಟ್ಟುಕೊಂಡದ್ದು, ಗೊತ್ತು. ಇನ್ನೊಂದು ಮಳೆಗಾಲ ಗೋದಾಮಿನಲ್ಲೇ ಕಳೆದರೆ ಅದರ ಬಣ್ಣಕ್ಕೆ ಯಾರು ಜವಾಬ್ದಾರಿ?

ಮಾಲು ಸರಾಸರಿ 42 ದಿನ ನಿಲ್ಲುತ್ತಿದ್ದದ್ದು ಈಗ 59 ದಿನ. ಉದ್ರಿ ವಸೂಲಿಗೆ 35ರ ಬದಲು 41 ದಿನ. ಬೆಳೆಗಾರರಿಗೆ ಹಣ ಕೊಡುವುದೂ 15ರಿಂದ 22 ದಿನಕ್ಕೆ ಹೋಗಿದೆ. ಲೆಕ್ಕದಲ್ಲಿ ಇದು ಅನುಕೂಲ. ಆದರೆ ತಡವಾದರೆ ಮುಂದಿನ ಸಲ ಅವರ ಮೂಟೆ ಪಕ್ಕದ ಅಂಗಡಿಗೆ ಹೋಗುತ್ತದೆ. ಒಟ್ಟಿನಲ್ಲಿ ಹಾಕಿದ ಹಣ ವಾಪಸ್ ಬರಲು 62 ದಿನ ಸಾಕಿತ್ತು, ಈಗ 78 ಬೇಕು.

ಸಾಲದ ಭಾರ

ಹೊರಗಿನವರ ಹಣ ಮತ್ತು ನಿಮ್ಮ ಬಂಡವಾಳ ಹೋದ ವರ್ಷ ಸಮ, 1.00. ಈ ವರ್ಷ 1.59. ಆಸ್ತಿ 46 ಲಕ್ಷ ಬೆಳೆದಿದೆ, ಅದರಲ್ಲಿ ನಿಮ್ಮದು 3 ಲಕ್ಷ ಮಾತ್ರ. ಲಾಭದ 9 ಲಕ್ಷದಲ್ಲಿ 6 ಲಕ್ಷ ಮನೆಖರ್ಚಿಗೆ ತೆಗೆದಿದ್ದೀರಿ. ಬಡ್ಡಿಗೆ ಮೊದಲಿನ ಲಾಭ ಬಡ್ಡಿಯ 3.4 ಪಟ್ಟು ಇತ್ತು, ಈಗ 2.25 ಪಟ್ಟು. ಕಂತು ತಪ್ಪುವ ಸ್ಥಿತಿ ಅಲ್ಲ, ಆದರೆ ಮೊದಲಿನ ನಿರಾಳವೂ ಇಲ್ಲ.

ಲಾಭ ಎಲ್ಲಿ ಸೋರಿತು?

ಮಾರಾಟ ಶೇ. 20 ಏರಿ ಲಾಭ ಶೇ. 25 ಇಳಿದಿದೆ. ಒಟ್ಟು ಲಾಭದ ಪ್ರಮಾಣ ಶೇ. 9ರಿಂದ 8ಕ್ಕೆ, ನಿವ್ವಳ ಶೇ. 3ರಿಂದ 1.88ಕ್ಕೆ. ಒಂದೇ ಒಂದು ಶೇಕಡಾ ಅಂತ ಸುಮ್ನೆ ಬಿಡಬೇಡಿ. 480 ಲಕ್ಷದ ಮಾರಾಟದಲ್ಲಿ ಅದು 4.8 ಲಕ್ಷ. ಮೂಟೆ ಬಿಡಬಾರದೆಂದು ಪೈಪೋಟಿಯಲ್ಲಿ ಕ್ವಿಂಟಲಿಗೆ ಜಾಸ್ತಿ ಕೊಟ್ಟದ್ದು ಖರೀದಿ ಪುಸ್ತಕದಲ್ಲೇ ಕಾಣುತ್ತದೆ, ಅದೂ ಫೆಬ್ರವರಿ ಪುಟಗಳಲ್ಲಿ. ಇದರ ಮೇಲೆ ಹಮಾಲಿ, ಲಾರಿ ಬಾಡಿಗೆ, ಹೊಸ ಡ್ರೈಯರಿನ ಸವಕಳಿ ಸೇರಿ ಖರ್ಚು 3.2 ಲಕ್ಷ, ಬಡ್ಡಿ 2.2 ಲಕ್ಷ ಹೆಚ್ಚಿದೆ. ಬಂಡವಾಳದ ಮೇಲಿನ ಗಳಿಕೆ ಶೇ. 18.5ರಿಂದ 13.2.

ಮಿತಿ ಏರಿಸುವ ಮಾತು

ಮಂಜೂರಾತಿ ಪತ್ರದಂತೆ, ಕೊಡಬೇಕಾದ್ದನ್ನು ಕಳೆದ ದಾಸ್ತಾನಿಗೆ ಶೇ. 75, 90 ದಿನದೊಳಗಿನ ಬಾಕಿಗೆ ಶೇ. 60 ಡ್ರಾಯಿಂಗ್ ಪವರ್, ಅಂದರೆ ಸಿಸಿಯಿಂದ ತೆಗೆಯಬಹುದಾದ ಹಣ. 44 ಲಕ್ಷಕ್ಕೆ 33, 40 ಲಕ್ಷಕ್ಕೆ 24, ಒಟ್ಟು 57. ನೀವು ಬಳಸಿದ್ದೂ 57. ಮಿತಿ 80 ಆದರೂ ಈ ಪಟ್ಟಿಯ ಮೇಲೆ ಬ್ಯಾಂಕು ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ.

ಬದಲಿಗೆ ಹಳೆ ಚಾಲಿಯನ್ನು ಪುಸ್ತಕದ ಬೆಲೆಗಾದರೂ ಮಾರಿ, ಆ 14 ಲಕ್ಷ ವಸೂಲು ಮಾಡಿ, ಬಂದ 33 ಲಕ್ಷವನ್ನು ಸಿಸಿಗೆ ಕಟ್ಟಿ. ಚಾಲ್ತಿ ಅನುಪಾತ 1.86, ಕ್ವಿಕ್ ರೇಶಿಯೊ 0.84 ಆಗುತ್ತದೆ. ಶೇ. 10.5ರಂತೆ ವರ್ಷಕ್ಕೆ ಸುಮಾರು 3.5 ಲಕ್ಷ ಬಡ್ಡಿ ಉಳಿಯುತ್ತದೆ, ಅಂದರೆ ಈ ವರ್ಷ ಇಳಿದ ಲಾಭಕ್ಕಿಂತ ಜಾಸ್ತಿ. ಮಾಲನ್ನು ಜೂನ್ ಮಳೆ ಹಿಡಿಯುವ ಮೊದಲೇ ಸಾಗಿಸಿ. ಆ ಖರೀದಿದಾರರಿಗೆ ಹಳೆ ಬಾಕಿ ತೀರುವವರೆಗೆ ಹೊಸ ಲೋಡ್ ಬೇಡ. ಸೆಪ್ಟೆಂಬರ್ ಅಂತ್ಯದ ಲೆಕ್ಕ ಕೊಟ್ಟರೆ ಮಿತಿಯ ವಿಷಯ ಆಗ ಮತ್ತೆ ನೋಡುತ್ತೇನೆ.