ದೀಕ್ಷಾಳ ಓದಿನ ಗುಂಪಿನ ಬಗ್ಗೆ ನಿಮ್ಮ ಪತ್ರಕ್ಕೆ ಉತ್ತರ

ಮಂಜುನಾಥ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿದೆ. ಹೋದ ವರ್ಷ ‘ಎ’ ಶ್ರೇಣಿ ಬಂದ ಮಗು, ಮನೆಯಲ್ಲಿ ಪಾಠವನ್ನು ಗಡಗಡ ಓದಿ ಒಪ್ಪಿಸುವ ಮಗು ಕೆಳಗಿನ ಗುಂಪಿಗೆ ಹೇಗೆ ಹೋದಳು ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ದೀಕ್ಷಾ ದಡ್ಡಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿದೆ, ನೆನಪಿನ ಶಕ್ತಿ ಇನ್ನೂ ಚೆನ್ನಾಗಿದೆ. ಆ ನೆನಪಿನ ಶಕ್ತಿಯಿಂದಲೇ ಅವಳ ಓದಿನ ತೊಡಕು ಇಷ್ಟು ದಿನ ಹೊರಗೆ ಕಾಣದೆ ಉಳಿದಿದೆ.

ಜುಲೈ ಮೊದಲ ವಾರ 4 ಮತ್ತು 5ನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿದೆವು. ಪಠ್ಯಪುಸ್ತಕ ಕೊಡಲಿಲ್ಲ, ಯಾರೂ ಮೊದಲು ನೋಡಿರದ ಸಾಲುಗಳನ್ನು ಕೊಟ್ಟೆವು. ಮೊದಲು ಅಕ್ಷರ, ಆಮೇಲೆ ಬಿಡಿ ಪದ, ಆಮೇಲೆ ನಾಲ್ಕು ವಾಕ್ಯ, ಕೊನೆಗೆ ಚಿಕ್ಕ ಕಥೆ. ಐದು ಪದಗಳಲ್ಲಿ ನಾಲ್ಕಾದರೂ ಸರಿಯಾಗಿ ಓದಿದರೆ ಮಗು ವಾಕ್ಯಗಳಿಗೆ ಹೋಗುತ್ತದೆ. ನಾಲ್ಕು ವಾಕ್ಯಗಳಲ್ಲಿ ಮೂರಕ್ಕಿಂತ ಹೆಚ್ಚು ತಪ್ಪು ಬಂದರೆ ಆ ಮಗು ಸದ್ಯಕ್ಕೆ ಪದಗಳ ಗುಂಪಿನಲ್ಲಿ ಕಲಿಯುತ್ತದೆ. ಎಲ್ಲ ಮಕ್ಕಳಿಗೂ ಅಳತೆ ಇದೊಂದೇ. ಹಾಜರಾತಿ, ನಡತೆ, ಹಳೆಯ ಅಂಕ ಯಾವುದನ್ನೂ ಇದಕ್ಕೆ ಸೇರಿಸಿಲ್ಲ.

ದೀಕ್ಷಾ ಐದು ಪದಗಳನ್ನೂ ಸರಿಯಾಗಿ ಓದಿದಳು. ಆಮೇಲೆ ಕೊಟ್ಟ ವಾಕ್ಯಗಳು ಇವು:

ಊರ ಮುಂದೆ ಒಂದು ಕೆರೆ ಇದೆ. ಮಳೆ ಬಂದರೆ ಕೆರೆ ಕೋಡಿ ಬೀಳುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಕೊಕ್ಕರೆಗಳು ಬರುತ್ತವೆ. ಮಕ್ಕಳು ದಡದ ಮೇಲೆ ನಿಂತು ನೋಡುತ್ತಾರೆ.

ಮೊದಲ ವಾಕ್ಯ ಸಲೀಸಾಗಿ ಬಂತು. ಎರಡನೆಯದರಲ್ಲಿ ‘ಕೋಡಿ’ ‘ಕೊಡಿ’ ಆಯಿತು. ‘ಸೂರ್ಯ’ವನ್ನು ‘ಸೂಯರ’ ಎಂದಳು, ‘ಹೊತ್ತಿಗೆ’ಯನ್ನು ‘ಹೊತಿಗೆ’ ಎಂದಳು. ‘ಕೊಕ್ಕರೆಗಳು’ ಬಂದಾಗ ತುಸು ಹೊತ್ತು ನಿಂತು ‘ಕೋಳಿಗಳು’ ಎಂದು ಓದಿ ಮುಂದೆ ಹೋದಳು. ‘ನಿಂತು’ ‘ನಿತು’ ಆಯಿತು. ಒಟ್ಟು ಐದು ತಪ್ಪು. ಕೆರೆಗೆ ಯಾವ ಹಕ್ಕಿ ಬರುತ್ತದೆ ಎಂದು ಕೇಳಿದರೆ ‘ಕೋಳಿ’ ಎಂದಳು.

ಅದೇ ಸಾಲುಗಳನ್ನು ನಾನು ಓದಿ ಹೇಳಿ ಅವೇ ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟಳು. ಕೋಡಿ ಬೀಳುವುದು ಎಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವುದು ಎಂದು ತಾನೇ ವಿವರಿಸಿದಳು. ಅಂದರೆ ಕಿವಿಗೆ ಬಿದ್ದದ್ದು ಅವಳಿಗೆ ಪೂರ್ತಿ ತಿಳಿಯುತ್ತದೆ, ಕಣ್ಣಿಗೆ ಕಂಡ ಅಕ್ಷರವನ್ನು ಉಚ್ಚಾರಕ್ಕೆ ತರುವಲ್ಲಿ ತೊಡಕಿದೆ.

ತೊಡಕು ಮುಖ್ಯವಾಗಿ ಎರಡು ಕಡೆ. ಒಂದು, ಗುಣಿತಾಕ್ಷರದಲ್ಲಿ ದೀರ್ಘದ ಗುರುತು. ‘ಕೊ’ಗೂ ‘ಕೋ’ಗೂ ಇರುವುದು ಕೊನೆಯ ಚಿಕ್ಕ ಗುರುತಿನ ವ್ಯತ್ಯಾಸ, ಅವಳ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ. ಇನ್ನೊಂದು, ಒತ್ತಕ್ಷರ. ‘ಅಕ್ಕ’, ‘ಅಮ್ಮ’, ‘ಮಕ್ಕಳು’ ದಿನಾ ನೋಡಿ ರೂಢಿಯಾದ ಪದಗಳು, ಬರುತ್ತವೆ. ಹೊಸ ಪದದಲ್ಲಿ ಒತ್ತನ್ನು ಬಿಟ್ಟುಬಿಡುತ್ತಾಳೆ. ಅರ್ಕಾವೊತ್ತು ಇನ್ನೂ ಕಷ್ಟ: ‘ಸೂರ್ಯ’ ಬರೆಯುವಾಗ ಅದು ‘ಯ’ ಆದ ಮೇಲೆ ಬರುತ್ತದೆ, ಓದುವಾಗ ಅದರ ‘ರ್’ ಮೊದಲು ಬರಬೇಕು. ಕಂಡ ಕ್ರಮದಲ್ಲೇ ಓದಿದ್ದರಿಂದ ‘ಸೂಯರ’ ಆಯಿತು. ಅನುಸ್ವಾರ ಒಮ್ಮೆ ಮಾತ್ರ ತಪ್ಪಿದೆ, ಅದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ‘ಕೋಳಿ’ ಎಂದದ್ದು ಊಹೆ. ಪದದ ಮೊದಲ ಅಕ್ಷರ ನೋಡಿ, ಗೊತ್ತಿರುವ ಪದವೊಂದನ್ನು ಅಲ್ಲಿ ಕೂರಿಸುವ ಈ ಅಭ್ಯಾಸ ಗಟ್ಟಿಯಾದರೆ ಮುಂದೆ ಸಮಾಜ, ಪರಿಸರ ಪಾಠಗಳೂ ಕಷ್ಟವಾಗುತ್ತವೆ. ನನಗೆ ಹೆಚ್ಚು ಚಿಂತೆ ಇರುವುದು ಇದರದ್ದೇ.

ಹಾಗಾದರೆ ‘ಎ’ ಹೇಗೆ ಬಂತು? ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆ, ಮಾತು, ಕಲಿಸಿದ ಪಾಠದ ಪ್ರಶ್ನೋತ್ತರ ಎಲ್ಲ ಸೇರುತ್ತವೆ. ಅವುಗಳಲ್ಲಿ ದೀಕ್ಷಾ ನಿಜಕ್ಕೂ ಮುಂದಿದ್ದಾಳೆ, ಆ ಶ್ರೇಣಿ ಸುಳ್ಳಲ್ಲ. ತರಗತಿಯಲ್ಲಿ ನಾಲ್ಕು ಸಲ ಕೇಳಿದ ಪಾಠ ಅವಳಿಗೆ ಬಾಯಿಪಾಠವಾಗಿರುತ್ತದೆ. ಇವತ್ತು ಸಂಜೆ ಮನೆಯಲ್ಲೇ ನೋಡಬಹುದು: ಅವಳು ಒಪ್ಪಿಸುವ ಪಾಠದ ಮಧ್ಯದಿಂದ ಒಂದು ಪದಕ್ಕೆ ಬೆರಳಿಟ್ಟು ಅದೊಂದನ್ನೇ ಓದಿಸಿ. ಇಲ್ಲವೇ ಕೊನೆಯ ಸಾಲಿನಿಂದ ಮೇಲಕ್ಕೆ ಒಂದೊಂದೇ ಪದ ಓದಿಸಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಆದರೆ ಪರೀಕ್ಷೆ ಮಾಡಿದ ಹಾಗೆ ಬೇಡ, ಹಾಗೆ ಮಾಡಿದರೆ ಹೆದರಿ ಬಾಯಿ ಕಟ್ಟುತ್ತದೆ.

ಮೇಲಿನ ಗುಂಪಿನಲ್ಲೇ ಕೂರಿಸಿ, ನೋಡಿ ಕಲಿಯುತ್ತಾಳೆ ಎಂದು ಬರೆದಿದ್ದೀರಿ. ಅಲ್ಲಿ ಮಕ್ಕಳು ಪುಟ ಪುಟವೇ ಕಥೆ ಓದುತ್ತಾರೆ. ದೀಕ್ಷಾ ಪಕ್ಕದವರು ಓದಿದ್ದನ್ನು ಕೇಳಿ ಹಿಂದೆಯೇ ಹೇಳುತ್ತಾಳೆ, ಎಲ್ಲ ಸರಿಯಿದೆ ಎಂದು ನಮಗೂ ಅನ್ನಿಸುತ್ತದೆ, ಒತ್ತಕ್ಷರ ಇದ್ದಲ್ಲೇ ಇರುತ್ತದೆ. ಅದಕ್ಕೇ ಒಪ್ಪಲಾರೆ. ಈಗಿನ ಗುಂಪಿನಲ್ಲಿರುವುದು ಸಣ್ಣ ತರಗತಿಯ ಮಕ್ಕಳೂ ಅಲ್ಲ. 14 ಮಕ್ಕಳಲ್ಲಿ 9 ಜನ 4ನೇ ತರಗತಿಯವರು, 5 ಜನ 5ನೇ ತರಗತಿಯವರು. ಪ್ರಾರ್ಥನೆ ಮುಗಿದ ಮೇಲಿನ ಮೊದಲ 40 ನಿಮಿಷ ಮಾತ್ರ ಈ ಗುಂಪು, ಉಳಿದ ದಿನವೆಲ್ಲ ಅವಳು ತನ್ನ ತರಗತಿಯಲ್ಲೇ ಇರುತ್ತಾಳೆ. ಪ್ರಗತಿ ಪತ್ರದಲ್ಲಿ ಗುಂಪಿನ ಹೆಸರು ಬರುವುದಿಲ್ಲ.

ಆ 40 ನಿಮಿಷದಲ್ಲಿ ಮಿಂಚುಪಟ್ಟಿಯಲ್ಲಿ ಜೋಡಿ ಪದ ಓದಿಸುತ್ತೇವೆ: ಕೊಡು–ಕೋಡು, ಬೆಳೆ–ಬೇಳೆ, ಹಳಿ–ಹಳ್ಳಿ, ಕತೆ–ಕತ್ತೆ. ಒಂದು ಗುರುತು ಬದಲಾದರೆ ಪದವೇ ಬದಲಾಗುತ್ತದೆ ಎಂಬುದು ಕಣ್ಣಿಗೆ ರೂಢಿಯಾಗಬೇಕು. ಆಮೇಲೆ ಏಳೆಂಟು ಪದಗಳ ಉಕ್ತಲೇಖನ. ಕೊನೆಗೆ ನಾಲ್ಕೈದು ಹೊಸ ವಾಕ್ಯ, ಮೊದಲು ನಾನು, ಆಮೇಲೆ ಎಲ್ಲರೂ ಸೇರಿ, ಆಮೇಲೆ ಒಬ್ಬೊಬ್ಬರೇ ಪದದ ಕೆಳಗೆ ಬೆರಳಿಟ್ಟು.

ಆಗಸ್ಟ್ ಕೊನೆಯ ವಾರ ಮತ್ತೆ ಓದಿಸುತ್ತೇವೆ. ಬೇರೆ ಬೇರೆ ಎರಡು ಹೊಸ ಪಠ್ಯಗಳಲ್ಲಿ ತಪ್ಪು ಮೂರರೊಳಗೆ ಬಂದರೆ ಅಂದೇ ಮುಂದಿನ ಗುಂಪಿಗೆ ಕಳಿಸುತ್ತೇವೆ. ಎರಡು ಏಕೆಂದರೆ ಒಂದು ಅದೃಷ್ಟದಿಂದ ಸಲೀಸಾಗಿ ಬಂದುಬಿಡಬಹುದು.

ಮನೆಯಲ್ಲಿ ದಿನಕ್ಕೆ 10 ನಿಮಿಷ ಸಾಕು. ಪಠ್ಯಪುಸ್ತಕ ಬೇಡ. ಪೇಪರಿನ ದಪ್ಪ ಅಕ್ಷರದ ತಲೆಬರಹ, ಬಸ್ಸಿನ ಬೋರ್ಡು, ಮದುವೆಯ ಕರೆಯೋಲೆ ಯಾವುದಾದರೂ ಆಗಬಹುದು. ಎಲ್ಲಾದರೂ ನಿಂತರೆ ಮನಸ್ಸಿನಲ್ಲಿ ಐದು ಎಣಿಸುವವರೆಗೆ ಸುಮ್ಮನಿರಿ. ಆಮೇಲೂ ಬಾರದಿದ್ದರೆ ಪದ ಬಿಡಿಸಿ ಕೊಡಿ: ‘ಕೊಕ್’, ‘ಕ’, ‘ರೆ’. ಪೂರ್ತಿ ಪದವನ್ನು ನೀವೇ ಹೇಳಿಬಿಟ್ಟರೆ ಅದನ್ನೂ ಬಾಯಿಪಾಠ ಮಾಡುತ್ತಾಳೆ. ಪಕ್ಕದ ಮನೆಯ ಹುಡುಗನ ಜೊತೆ ದಯವಿಟ್ಟು ಹೋಲಿಸಬೇಡಿ. ಇನ್ನೊಂದು ಕೆಲಸ: ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕಣ್ಣು ತೋರಿಸಿ. ಕಣ್ಣಿನ ತೊಂದರೆ ಇದೆ ಎಂದು ನಾನು ಹೇಳುತ್ತಿಲ್ಲ, ಚಿಕ್ಕ ಗುರುತುಗಳೇ ತಪ್ಪುತ್ತಿರುವುದರಿಂದ ಇಲ್ಲ ಎಂದು ಖಚಿತವಾಗುವುದು ಒಳ್ಳೆಯದು.

ಯಾರೋ ‘ದಡ್ಡರ ಗುಂಪು’ ಎಂದದ್ದಕ್ಕೆ ಅತ್ತಳು ಎಂದು ಬರೆದಿದ್ದೀರಿ. ಓದಿ ಬೇಸರವಾಯಿತು. ನಾಳೆ ಎರಡೂ ತರಗತಿಗಳಲ್ಲಿ ಈ ಬಗ್ಗೆ ಮಾತಾಡುತ್ತೇನೆ, ಮುಖ್ಯ ಶಿಕ್ಷಕಿಯವರಿಗೂ ತಿಳಿಸಿದ್ದೇನೆ. ದೀಕ್ಷಾಗೆ ಮನೆಯಲ್ಲಿ ಇಷ್ಟು ಹೇಳಿ ಸಾಕು: ‘ನಿನಗೆ ಒತ್ತಕ್ಷರ ಕಲಿಯುವುದು ಬಾಕಿ ಇದೆ, ಅದಕ್ಕೆ ಆ ಗುಂಪು.’

ಅವಳು ಓದಿದ ಹಾಳೆ, ತಪ್ಪು ಗುರುತು ಹಾಕಿದ್ದು ಸಮೇತ, ನನ್ನ ಹತ್ತಿರ ಇದೆ. ಗುರುವಾರ ಅಥವಾ ಶುಕ್ರವಾರ ಶಾಲೆ ಬಿಟ್ಟ ಮೇಲೆ 4:30ಕ್ಕೆ ನೀವೂ ದೀಕ್ಷಾಳ ತಾಯಿಯೂ ಬನ್ನಿ, ತೋರಿಸುತ್ತೇನೆ. ಬೆಳಗ್ಗೆ ಬಿಡುವಾದರೆ ಮೊದಲ ಅವಧಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಗುಂಪು ಹೇಗೆ ನಡೆಯುತ್ತದೆ ಎಂದು ನೋಡಬಹುದು. ಯಾವ ದಿನ ಎಂದು ದೀಕ್ಷಾಳ ದಿನಚರಿ ಪುಸ್ತಕದಲ್ಲಿ ಬರೆದು ಕಳಿಸಿ.

ಇಂತಿ,
ಸವಿತಾ
ತರಗತಿ ಶಿಕ್ಷಕಿ, 4ನೇ ತರಗತಿ