‘ಕೋಲಾರದ ಕೆರೆಗಳು’ ವಿಚಾರ ಸಂಕಿರಣ: ಪ್ರಾಂಶುಪಾಲರ ಸ್ವಾಗತ ಭಾಷಣ

ಎಲ್ಲರಿಗೂ ನಮಸ್ಕಾರ.

ಈ ಸಂಕಿರಣವನ್ನು ಉದ್ಘಾಟಿಸಲು ಬಂದಿರುವ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳೇ, ನಿಮಗೆ ಕಾಲೇಜಿನ ಪರವಾಗಿ ಆದರದ ಸ್ವಾಗತ. ದಿಕ್ಸೂಚಿ ಭಾಷಣ ಮಾಡಲಿರುವ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕರು ಬೆಂಗಳೂರಿನಿಂದ ಬೆಳಿಗ್ಗೆಯೇ ಹೊರಟು ಬಂದಿದ್ದಾರೆ. ಸರ್, ನಿಮಗೆ ಸ್ವಾಗತ. ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್ ಮೇಡಂ ಅವರಿಗೂ, ಸುತ್ತಲಿನ ಹಳ್ಳಿಗಳ ರೈತರಿಗೂ ಪ್ರೀತಿಯ ಸ್ವಾಗತ.

ವೇದಿಕೆಯ ಮೇಲೆ ಇನ್ನೊಬ್ಬರು ಕೂತಿದ್ದಾರೆ. ಪಕ್ಕದ ಹಳ್ಳಿಯ ನೀರಗಂಟಿ. ನಮ್ಮ ಹುಡುಗರು ಪ್ರೀತಿಯಿಂದ ತಾತ ಅಂತಲೇ ಕರೆಯುತ್ತಾರೆ. ಕೆರೆಯ ನೀರನ್ನು ಯಾರ ಗದ್ದೆಗೆ ಯಾವಾಗ, ಎಷ್ಟು ಬಿಡಬೇಕು ಎಂದು ನೋಡಿಕೊಳ್ಳುತ್ತಿದ್ದವರು ಇವರು. ತೂಬಿನ ಎರಡು ಕಲ್ಲುಕಂಬಗಳ ನಡುವೆ ನೀರಿಗಿಳಿದು, ಮರದ ಬಿರಡೆಯನ್ನು ಎಷ್ಟು ಎತ್ತಿದರೆ ನೀರು ಕೊನೆಯ ಗದ್ದೆಯವರೆಗೆ ಹೋಗುತ್ತದೆ ಎಂಬುದು ಇವರ ಕೈಗೇ ಗೊತ್ತು. ತಾತ, ನೀವು ಬಂದದ್ದು ನಮಗೆ ತುಂಬಾ ಸಂತೋಷ. ಇವರನ್ನು ಸನ್ಮಾನ ಮಾಡಿ ಕಳಿಸಲು ಕರೆದಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಇವರೇ ಮಾತಾಡುತ್ತಾರೆ. ಈ ವಿಷಯದಲ್ಲಿ ಇವರೂ ಮೇಷ್ಟ್ರೇ ಅಲ್ವಾ?

ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ಪಾಲಾರ್ ಹೆಸರು ನಕ್ಷೆಯಲ್ಲಿದೆ, ಅದರ ಪಾತ್ರ ಹೆಚ್ಚಿನ ದಿನ ಒಣಗಿರುತ್ತದೆ. ಅದಕ್ಕೇ ಹಿಂದಿನವರು ಸಾಲು ಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ನಡುವಿನ ರಾಜಕಾಲುವೆ ಒತ್ತುವರಿಯಾದರೆ ಕೆಳಗಿನ ಊರುಗಳೆಲ್ಲ ಬಾಯಾರಬೇಕು. ಆಮೇಲೆ ಬೋರ್‌ವೆಲ್‌ಗಳು ಬಂದವು. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಜಮೀನುಗಳಿವೆ, ಸಿಕ್ಕ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳೂ ಇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಖುಷಿ ಒಂದು ಕಡೆ. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ ಎಂಬ ಆತಂಕ ಇನ್ನೊಂದು ಕಡೆ. ಎರಡನ್ನೂ ಇವತ್ತು ಇಲ್ಲಿ ಬಿಚ್ಚಿ ಮಾತಾಡೋಣ. ಅಧಿಕಾರಿಗಳೂ ರೈತರೂ ಒಂದೇ ಸಭೆಯಲ್ಲಿ ಕೂತಿರುವುದು ಅದಕ್ಕೇ.

ಇದನ್ನು ಏರ್ಪಡಿಸಿದ ಇತಿಹಾಸ ಮತ್ತು ಭೂಗೋಳ ವಿಭಾಗದ ನನ್ನ ಸಹೋದ್ಯೋಗಿಗಳಿಗೆ, ನಿನ್ನೆ ರಾತ್ರಿಯವರೆಗೂ ಕುರ್ಚಿ ಜೋಡಿಸಿದ ಕಚೇರಿ ಸಿಬ್ಬಂದಿಗೆ ಹೃತ್ಪೂರ್ವಕ ಸ್ವಾಗತ.

ಪ್ರೀತಿಯ ವಿದ್ಯಾರ್ಥಿಗಳೇ, ನಿಮಗೂ ಸ್ವಾಗತ. ಎನ್‌ಎಸ್‌ಎಸ್ ಶಿಬಿರದಲ್ಲಿ ನೀವು ಬರೆದ ಕೆರೆಗಳ ನಕ್ಷೆಗಳನ್ನು ಹೊರಗಿನ ಪಡಸಾಲೆಯಲ್ಲಿ ಅಂಟಿಸಿದ್ದೇವೆ. ಅತಿಥಿಗಳು ದಯವಿಟ್ಟು ನೋಡಬೇಕು. ನೀವು ಸುಮ್ನೆ ಕೂತು ಪ್ರಮಾಣಪತ್ರ ತೆಗೆದುಕೊಂಡು ಹೋಗಬೇಡಿ. ಪ್ರತಿ ಗೋಷ್ಠಿಯ ಕೊನೆಗೆ ಅರ್ಧ ಗಂಟೆ ನಿಮ್ಮ ಪ್ರಶ್ನೆಗಳಿಗೇ ಇಟ್ಟಿದ್ದೇವೆ. ನಿಮ್ಮೂರಿನ ಕೆರೆಯ ಬಗ್ಗೆಯೇ ಕೇಳಿ.

ಈಗ ಉದ್ಘಾಟನೆ ನೆರವೇರಿಸಿಕೊಡಬೇಕೆಂದು ಅತಿಥಿಗಳನ್ನು ವಿನಂತಿಸುತ್ತೇನೆ.